ತುದಿಯಲ್ಲಿ ಸೊನ್ನೆ ಬರೆಯುವವರಿಗೆ

ಹಾಸನದಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡಲು ಶುರುಮಾಡಿ ಇಪ್ಪತ್ತು ವರ್ಷ ದಾಟಿತು. ಪ್ರತಿ ವರ್ಷವೂ ಉತ್ತರಪತ್ರಿಕೆಯಲ್ಲಿ ಅದೇ ಸೊನ್ನೆ ನೋಡುತ್ತೇನೆ. ನಾನು ಕೊಟ್ಟ ಸೊನ್ನೆಯಲ್ಲ, ಅವರೇ ಬರೆದದ್ದು.

ಲೆಕ್ಕ ಇಷ್ಟೇ. 80 ಸೆಂ.ಮೀ. ದಾರಕ್ಕೆ ಕಲ್ಲು ಕಟ್ಟಿದೆ. ದಾರದ ಇನ್ನೊಂದು ತುದಿ ಮೊಳೆಗೆ ಬಿಗಿದಿದೆ. ಕಲ್ಲು ಕೆಳಗಿನಿಂದ ಮೇಲಕ್ಕೆ ಹೋಗಿ ಪೂರ್ತಿ ಸುತ್ತು ಹಾಕಬೇಕು. ಮೇಲ್ತುದಿಯಲ್ಲಿ ಅದಕ್ಕೆ ಕಡೇಪಕ್ಷ ಎಷ್ಟು ವೇಗ ಇರಬೇಕು? ಅರ್ಧ ಕ್ಲಾಸು ಬರೆಯುವುದು v = 0. ಕಲ್ಲು ಮೇಲೆ ಮುಟ್ಟಿದರೆ ಸಾಕಲ್ವಾ ಸರ್, ಎನ್ನುತ್ತಾರೆ.

ಹುಡುಗರು ದಡ್ಡರಲ್ಲ. ಮೇಲಕ್ಕೆಸೆದ ಚೆಂಡು ತುದಿಯಲ್ಲಿ ಒಂದು ಕ್ಷಣ ನಿಲ್ಲುತ್ತದೆ ಅಂತ ಹಿಂದಿನ ಪಾಠದಲ್ಲಿ ನಾವೇ ಹೇಳಿರುತ್ತೇವೆ. ಅದನ್ನೇ ಇಲ್ಲಿಗೂ ತರುತ್ತಾರೆ.

ಸರಿ, ಮೇಲ್ತುದಿಯಲ್ಲಿ ಏನಾಗುತ್ತದೆ ನೋಡೋಣ. ಕಲ್ಲಿನ ತೂಕ mg ಕೆಳಕ್ಕೆ ಎಳೆಯುತ್ತದೆ. ದಾರದ ಎಳೆತ T ಕೂಡ ಕೆಳಕ್ಕೇ, ಯಾಕೆಂದರೆ ಮೊಳೆ ಇರುವುದು ಕೆಳಗೆ. ಆ ವೇಗದಲ್ಲಿ ಹೋಗುವ ಕಲ್ಲಿನ ದಾರಿ ಆ ಸುತ್ತಿಗೆ ತಕ್ಕಂತೆ ಬಾಗಲು mv²/r ಬಲ ಬೇಕು. ಅದನ್ನು ಇವೆರಡೂ ಸೇರಿ ಕೊಡಬೇಕು:

```
T + mg = mv²/r
```

ಇಲ್ಲಿ v = 0 ಹಾಕಿ. T = −mg ಬರುತ್ತದೆ. ಅಂದರೆ ದಾರ ಕಲ್ಲನ್ನು ಕೆಳಗಿನಿಂದ ಮೇಲಕ್ಕೆ ನೂಕಿ ಹಿಡಿದಿರಬೇಕು! ಹಗ್ಗ ಹಿಡಿದು ಎಮ್ಮೆಯನ್ನು ಎಳೆಯಬಹುದು. ಹಗ್ಗದಿಂದ ಎಮ್ಮೆಯನ್ನು ನೂಕಲು ಆಗುತ್ತಾ? ದಾರದ ಎಳೆತ ಸೊನ್ನೆಯವರೆಗೆ ಇಳಿಯಬಹುದು, ಅದಕ್ಕಿಂತ ಕೆಳಗೆ ಇಲ್ಲ. ಹಾಗಾಗಿ ಸೊನ್ನೆ ಹಾಕಬೇಕಾದ್ದು T ಗೆ, v ಗೆ ಅಲ್ಲ. ಆಗ v = √(gr). g = 10 ಅಂತ ಇಟ್ಟುಕೊಂಡರೆ √8, ಸೆಕೆಂಡಿಗೆ ಸುಮಾರು 2.83 ಮೀಟರ್. ಕಲ್ಲು ಎಷ್ಟು ಭಾರ ಅನ್ನುವುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

"ಸೊನ್ನೆ ಅಂತಲೇ ಇಟ್ಟುಕೊಂಡರೆ ಏನಾಗುತ್ತೆ ಸರ್?" ಅಂತ ಸಕಲೇಶಪುರದ ಕಡೆಯ ಹುಡುಗಿಯೊಬ್ಬಳು ಪಟ್ಟು ಹಿಡಿದಿದ್ದಳು. ನನಗೆ ಇಂಥವರೇ ಇಷ್ಟ. ಇಬ್ಬರೂ ಕೂತು ಲೆಕ್ಕ ಮಾಡಿದೆವು.

ಮೇಲೆ ಸೊನ್ನೆ ಆಗಬೇಕಾದರೆ, ಶಕ್ತಿಯ ಲೆಕ್ಕದಲ್ಲಿ ಕೆಳಗೆ ವೇಗ √(4gr), ಅಂದರೆ 5.66 ಇರಬೇಕು. ಸರಿಯಾದ ಉತ್ತರದ ಪ್ರಕಾರ √(5gr), 6.32 ಬೇಕು. ಇವಳ 5.66 ರಲ್ಲೇ ಕಲ್ಲನ್ನು ಬಿಡೋಣ. ಅದು ಮೊಳೆಯ ಮಟ್ಟ ದಾಟಿ ಮೇಲೇರುತ್ತದೆ. ತಳದಿಂದ 1.33 ಮೀಟರ್ ಎತ್ತರದಲ್ಲಿ v² 5.33ಕ್ಕೆ ಇಳಿದಿರುತ್ತದೆ. ಅಲ್ಲಿ ದಾರಿ ಬಾಗಲು ಬೇಕಾದ v²/r 6.67. ತೂಕದ ಎಳೆತದಲ್ಲಿ ದಾರದ ದಿಕ್ಕಿಗೆ ಸಿಗುವ ಪಾಲೂ ಕಿಲೋಗೆ 6.67. ಎರಡೂ ಸಮ. ದಾರಕ್ಕೆ ಇನ್ನು ಕೆಲಸವಿಲ್ಲ, ಜೋಲು ಬೀಳುತ್ತದೆ. ಅಲ್ಲಿಂದ ಆಚೆಗೆ ಅದು ಸುಮ್ನೆ ಎಸೆದ ಕಲ್ಲು. ಸುತ್ತಿನ ಒಳಗೇ ಬಾಗಿ, 1.48 ಮೀಟರ್‌ವರೆಗೆ ಏರಿ ಇಳಿದುಬಿಡುತ್ತದೆ. ಮೇಲ್ತುದಿ ಇರುವುದು 1.6 ಮೀಟರ್‌ನಲ್ಲಿ. ತುದಿಯಲ್ಲಿ ಸೊನ್ನೆ ಅಂದುಕೊಂಡ ಕಲ್ಲು ತುದಿಗೆ ಬರುವುದೇ ಇಲ್ಲ, 12 ಸೆಂ.ಮೀ. ಕೆಳಗೇ ವಾಪಸು!

ಉಳಿದ ಶಕ್ತಿ ಎಲ್ಲಿ ಹೋಯಿತು ಅಂತ ಕೇಳಿದಳು. ಆ 1.48ರಲ್ಲಿ ಕಲ್ಲು ನಿಂತಿರುವುದಿಲ್ಲ. ಸೆಕೆಂಡಿಗೆ ಒಂದೂವರೆ ಮೀಟರ್‌ನಂತೆ ಅಡ್ಡಡ್ಡ ಹೋಗುತ್ತಿರುತ್ತದೆ. ಶಕ್ತಿಯ ಲೆಕ್ಕ ತಪ್ಪಿಲ್ಲ. ಆದರೆ ದಾರ ಬಿಗಿಯಾಗಿದೆಯೋ ಇಲ್ಲವೋ ಅನ್ನುವುದನ್ನು ಅದು ಹೇಳುವುದಿಲ್ಲ.

ಒಂದು ಎಚ್ಚರಿಕೆ. ದಾರದ ಬದಲು ಸೈಕಲ್ಲಿನ ಕಡ್ಡಿಯಂಥ ಗಟ್ಟಿ ಸರಳು ಇದ್ದರೆ ಸೊನ್ನೆಯೇ ಸರಿ, ಯಾಕೆಂದರೆ ಸರಳು ನೂಕಬಲ್ಲದು. ಪ್ರಶ್ನೆಯಲ್ಲಿ ದಾರ ಅಂತಿದೆಯೋ ಸರಳು ಅಂತಿದೆಯೋ ನೋಡಿಕೊಳ್ಳಿ. ಇನ್ನು √(5gr) ಇರುವುದು ಮೊಳೆಗೆ ಕಟ್ಟಿ ಬಿಟ್ಟ ಕಲ್ಲಿಗೆ. ಕೈಯಲ್ಲಿ ತಿರುಗಿಸುವಾಗ ಪ್ರತಿ ಸುತ್ತಿನಲ್ಲೂ ಕೈ ಶಕ್ತಿ ತುಂಬುತ್ತಿರುತ್ತದೆ, ಹಾಗಾಗಿ ಅದನ್ನು ಅಲ್ಲಿ ಹಾಗೇ ಬಳಸಬೇಡಿ. ಕೈ ಹೆಚ್ಚು ಅಲ್ಲಾಡದಿದ್ದರೆ ಮೇಲ್ತುದಿಯ √(gr) ಮಾತ್ರ ಅಲ್ಲೂ ನಡೆಯುತ್ತದೆ.

ಇದನ್ನು ತೋರಿಸಲು ಒಮ್ಮೆ ತಾರಸಿಯ ಮೇಲೆ ಚೊಂಬಿಗೆ ನೀರು ತುಂಬಿ, ಹಗ್ಗ ಕಟ್ಟಿ ತಿರುಗಿಸಿದೆ. ಒಂದೇ ವೇಗದಲ್ಲಿ ತಿರುಗಿಸಿದರೆ ಈ ಅಳತೆಗೆ ಒಂದು ಸುತ್ತು ಹೆಚ್ಚೆಂದರೆ 1.78 ಸೆಕೆಂಡು. ಅದಕ್ಕಿಂತ ನಿಧಾನವಾದರೆ ನೀರು ಬೀಳುತ್ತದೆ. ಮಕ್ಕಳು "ಇನ್ನೂ ನಿಧಾನ ಸರ್, ಇನ್ನೂ ನಿಧಾನ" ಅಂತ ಹುರಿದುಂಬಿಸಿದರು. ಮೊದಲು ಹಗ್ಗ ಸಡಿಲವಾದದ್ದು ಕೈಗೆ ಗೊತ್ತಾಯಿತು. ಮರುಕ್ಷಣ ನೀರೆಲ್ಲ ನನ್ನ ತಲೆಗೆ, ಚೊಂಬು ಪಕ್ಕದ ಮನೆಯ ಆಂಟಿ ಒಣಗಲು ಹಾಕಿದ್ದ ಸಂಡಿಗೆಗೆ. ಈಗ ನನ್ನನ್ನು ಕಂಡಾಗಲೆಲ್ಲ ಅವರು ಕೇಳುವುದು, "ಮೇಷ್ಟ್ರೇ, ಇವತ್ತೂ ಚೊಂಬಿನ ಪಾಠ ಇದೆಯಾ? ಇದ್ದರೆ ಹಪ್ಪಳ ಒಳಗೆ ತಗೊಂಡುಬಿಡ್ತೀನಿ."