1,000 ರೂಪಾಯಿ ಫೀಸಿನ ಕಾರ್ಡೋ, ಲೈಫ್‌ಟೈಮ್ ಫ್ರೀ ಕಾರ್ಡೋ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಶಾಲಾ ಶಿಕ್ಷಕಿ. ಎರಡು ಕ್ರೆಡಿಟ್ ಕಾರ್ಡ್ ಆಫರ್ ಬಂದಿವೆ. ಒಂದಕ್ಕೆ ವರ್ಷಕ್ಕೆ 1,000 ರೂ. ಫೀಸು, ಆನ್‌ಲೈನ್ ಖರೀದಿಗೆ ‘5 ಪಟ್ಟು ಪಾಯಿಂಟ್’. ವರ್ಷಕ್ಕೆ 2 ಲಕ್ಷ ಖರ್ಚು ಮಾಡಿದರೆ ಫೀಸು ಮಾಫಿ. ಇನ್ನೊಂದು ಲೈಫ್‌ಟೈಮ್ ಫ್ರೀ, 1% ಕ್ಯಾಶ್‌ಬ್ಯಾಕ್. ಮೊದಲನೆಯದರಲ್ಲೇ ಲಾಭ ಜಾಸ್ತಿ ಅಂತಾರೆ ಏಜೆಂಟ್. ತಿಂಗಳಿಗೆ ದಿನಸಿ-ಬಟ್ಟೆಗೆ 6,000, ಆನ್‌ಲೈನ್‌ನಲ್ಲಿ 4,000, ಪೆಟ್ರೋಲಿಗೆ 3,000, ಮನೆ ಬಾಡಿಗೆಗೆ 9,000 ಖರ್ಚಾಗುತ್ತದೆ. ಯಾವುದನ್ನು ತಗೊಳ್ಳಲಿ?

ಉತ್ತರ: ಏಜೆಂಟ್ ನಿಮ್ಮ 22,000 ರೂಪಾಯಿಯನ್ನು 12ರಿಂದ ಗುಣಿಸಿ, ‘2 ಲಕ್ಷ ದಾಟೇ ದಾಟುತ್ತೆ ಮೇಡಂ’ ಅಂದಿರಬೇಕು. ಎಡವಟ್ಟು ಅಲ್ಲೇ ಇದೆ. ಪೆಟ್ರೋಲಿಗೆ, ಬಾಡಿಗೆಗೆ, ವ್ಯಾಲೆಟ್‌ಗೆ ತುಂಬಿಸಿದ ದುಡ್ಡಿಗೆ ಹೆಚ್ಚಿನ ಕಾರ್ಡುಗಳಲ್ಲಿ ಪಾಯಿಂಟ್ ಬರುವುದಿಲ್ಲ. ಎಷ್ಟೋ ಕಾರ್ಡುಗಳಲ್ಲಿ ಫೀಸು ಮಾಫಿಯ ಲೆಕ್ಕಕ್ಕೂ ಇವು ಸೇರುವುದಿಲ್ಲ. ಬಾಡಿಗೆಗಂತೂ ಅನೇಕ ಬ್ಯಾಂಕುಗಳು 1% ಫೀಸು ಬೇರೆ ಹಾಕುತ್ತವೆ. ಹಾಗಾಗಿ ನಿಮ್ಮ ಪಾಲಿಗೆ ಲೆಕ್ಕಕ್ಕೆ ಬರುವುದು ತಿಂಗಳಿಗೆ 10,000, ವರ್ಷಕ್ಕೆ 1.2 ಲಕ್ಷ. 1,180 ರೂಪಾಯಿ ಉಳಿಸಲು ಇನ್ನೂ 80,000 ಖರ್ಚು ಮಾಡುತ್ತೀರಾ? ಫೀಸು 1,000 ಅಂದರೂ 18% ಜಿಎಸ್‌ಟಿ ಸೇರಿ ಕಟ್ಟುವುದು 1,180.

ಇನ್ನು ‘5 ಪಟ್ಟು’. ಯಾವುದರ 5 ಪಟ್ಟು ಅಂತ ಕೇಳಿ. 100 ರೂಪಾಯಿಗೆ 2 ಪಾಯಿಂಟ್, ಒಂದು ಪಾಯಿಂಟಿಗೆ 25 ಪೈಸೆ ಅಂದುಕೊಳ್ಳೋಣ. ಇದು ನಮ್ಮಲ್ಲಿ ಸಾಮಾನ್ಯವಾಗಿ ಕಾಣುವ ದರ. ಆಗ ಮಾಮೂಲಿ ಖರೀದಿಗೆ ಸಿಗುವುದು 100ಕ್ಕೆ ಐವತ್ತು ಪೈಸೆ. 5 ಪಟ್ಟು ಅಂದರೆ ಎರಡೂವರೆ ರೂಪಾಯಿ. ನಿಮ್ಮ ದಿನಸಿಗೆ ತಿಂಗಳಿಗೆ 30, ಆನ್‌ಲೈನ್‌ಗೆ 100, ಒಟ್ಟು 130. ವರ್ಷಕ್ಕೆ 1,560. ಫೀಸು ಕಳೆದರೆ 380. ಪಾಯಿಂಟನ್ನು ದುಡ್ಡಾಗಿಸಲು 99 ರೂಪಾಯಿ ಮತ್ತು ಜಿಎಸ್‌ಟಿ ಕೀಳುವ ಬ್ಯಾಂಕುಗಳೂ ಇವೆ. ಅದನ್ನೂ ಕಳೆದರೆ ಕೈಗೆ ಬರುವುದು ಸುಮಾರು 263 ರೂಪಾಯಿ. ಫ್ರೀ ಕಾರ್ಡಿನಲ್ಲಿ 1.2 ಲಕ್ಷಕ್ಕೆ 1% ಅಂದರೆ ನೇರವಾಗಿ 1,200.

ಆನ್‌ಲೈನ್ ಖರ್ಚು ಜಾಸ್ತಿ ಇದ್ದರೆ? ತಿಂಗಳಿಗೆ 9,200 ರೂಪಾಯಿ ದಾಟಿದ ಮೇಲೆ ಫೀಸಿನ ಕಾರ್ಡು ಮುಂದೆ ಹೋಗುತ್ತದೆ. ಆದರೆ ಹೆಚ್ಚುವರಿ ಪಾಯಿಂಟಿಗೆ ತಿಂಗಳ ಮಿತಿ ಇದೆಯಾ ನೋಡಿ. ಮಿತಿ 500 ಪಾಯಿಂಟ್ ಆದರೆ, 6,250 ರೂಪಾಯಿಯ ಆನ್‌ಲೈನ್ ಖರೀದಿಗೇ ಅದು ಮುಗಿಯಿತು. ಮುಂದಿನದಕ್ಕೆ ಮತ್ತದೇ ಐವತ್ತು ಪೈಸೆ. ಆಗ ಫೀಸು ಕಟ್ಟುತ್ತಿರುವಷ್ಟು ದಿನ ಅದು ಫ್ರೀ ಕಾರ್ಡನ್ನು ಹಿಂದಿಕ್ಕುವುದೇ ಇಲ್ಲ. ಈ ಮಿತಿ ಜಾಹೀರಾತಿನಲ್ಲಿ ಕಾಣುವುದಿಲ್ಲ, ನಕ್ಷತ್ರ ಚಿಹ್ನೆಯ ಹಿಂದೆ ಇರುತ್ತದೆ. ಬ್ಯಾಂಕಿನ ವೆಬ್‌ಸೈಟಿನಲ್ಲಿ ಆ ಕಾರ್ಡಿನ ರಿವಾರ್ಡ್ ನಿಯಮಗಳ ಪುಟ ತೆರೆದು exclusion, capping ಎಂಬ ಎರಡು ಪದ ಹುಡುಕಿ. ಫೀಸು, ಬಡ್ಡಿಯ ವಿವರ MITC ಎಂಬ ಕಡತದಲ್ಲಿ ಇರುತ್ತದೆ.

ಫ್ರೀ ಕಾರ್ಡನ್ನೂ ಕಣ್ಣುಮುಚ್ಚಿ ನಂಬಬೇಡಿ. ‘ಲೈಫ್‌ಟೈಮ್ ಫ್ರೀ’ಯೋ, ‘ಮೊದಲ ವರ್ಷ ಫ್ರೀ’ಯೋ ಅಂತ ಇಮೇಲ್‌ನಲ್ಲೇ ಬರೆಸಿಕೊಳ್ಳಿ. ನನಗೊಮ್ಮೆ ಮಾಲ್‌ನಲ್ಲಿ ಬ್ಯಾಗ್ ಕೊಟ್ಟು ಒಂದು ಕಾರ್ಡ್ ಅಂಟಿಸಿದರು. ಎರಡನೇ ವರ್ಷ ಸ್ಟೇಟ್‌ಮೆಂಟ್‌ನಲ್ಲಿ 590 ರೂಪಾಯಿ ಫೀಸು ಬಂದಿತ್ತು. ಬ್ಯಾಗಿನ ಜಿಪ್ ಅಷ್ಟರಲ್ಲಿ ಹೋಗಿತ್ತು.

ಇನ್ನೊಂದು ವಿಷಯ, ನಿಮ್ಮ 6,000 ದಿನಸಿಯ ಬಗ್ಗೆ. ಬೀದಿ ಕೊನೆಯ ಕಿರಾಣಿ ಅಂಗಡಿಯಲ್ಲಿ ಸ್ವೈಪ್ ಮಷೀನ್ ಇರುವುದಿಲ್ಲ, ಕ್ಯೂಆರ್ ಕೋಡ್ ಇರುತ್ತದೆ. ರುಪೇ ಕ್ರೆಡಿಟ್ ಕಾರ್ಡ್ ಆದರೆ ಯುಪಿಐ ಆ್ಯಪ್‌ಗೆ ಜೋಡಿಸಿ ವ್ಯಾಪಾರಿಗಳ ಕ್ಯೂಆರ್‌ಗೆ ಕೊಡಬಹುದು. ಯುಪಿಐ ಖರ್ಚಿಗೂ ಕ್ಯಾಶ್‌ಬ್ಯಾಕ್ ಇದೆಯಾ ಅಂತ ಮೊದಲೇ ಕೇಳಿ. ಇಲ್ಲವಾದರೆ ನಿಮ್ಮ 1,200ರಲ್ಲಿ ದೊಡ್ಡ ಪಾಲು ಹೋದಂತೆಯೇ.

ಈ ಲೆಕ್ಕವೆಲ್ಲ ಬಿಲ್ ಪೂರ್ತಿ ಕಟ್ಟುವವರಿಗೆ ಮಾತ್ರ. 10,000 ಬಾಕಿ ಉಳಿಸಿದರೆ ತಿಂಗಳಿಗೆ 3.5% ಬಡ್ಡಿಯಂತೆ 350, ಅದರ ಮೇಲೆ ಜಿಎಸ್‌ಟಿ 63. ನಾಲ್ಕು ತಿಂಗಳ ಕ್ಯಾಶ್‌ಬ್ಯಾಕ್ ಒಂದೇ ಏಟಿಗೆ ಹೋಯಿತು. ಬಾಕಿ ಇರುವಾಗ ಹೊಸ ಖರೀದಿಗೂ ಮೊದಲ ದಿನದಿಂದಲೇ ಬಡ್ಡಿ ಓಡುತ್ತದೆ. ‘ಮಿನಿಮಮ್ ಡ್ಯೂ’ ಕಟ್ಟಿದರೆ ಲೇಟ್ ಫೀಸು ತಪ್ಪುತ್ತದೆಯೇ ಹೊರತು ಬಡ್ಡಿ ತಪ್ಪುವುದಿಲ್ಲ.

ನೀವು ಬರೆದ ಖರ್ಚಿಗೆ ಫ್ರೀ ಕಾರ್ಡೇ ಸರಿ. ಈಗಾಗಲೇ ಫೀಸಿನ ಕಾರ್ಡಿಗೆ ಸಹಿ ಹಾಕಿದ್ದರೆ, ಹನ್ನೊಂದನೇ ತಿಂಗಳಲ್ಲಿ ಪಾಯಿಂಟ್ ಬಳಸಿ ಮುಗಿಸಿ, ಫೀಸು ಬೀಳುವ ಮೊದಲೇ ಕಾರ್ಡ್ ಮುಚ್ಚಲು ಕೇಳಿ. ಬಾಕಿ ಇಲ್ಲದಿದ್ದರೆ ಬ್ಯಾಂಕ್ 7 ಕೆಲಸದ ದಿನಗಳಲ್ಲಿ ಮುಚ್ಚಬೇಕು. ತಡ ಮಾಡಿದರೆ ದಿನಕ್ಕೆ 500 ರೂಪಾಯಿ ನಿಮಗೇ ದಂಡ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಹೇಳುತ್ತದೆ.