ಹಳದಿ ಬಣ್ಣ ಅಂದ್ರೆ ಏನು? ಒಂದು ಕಾಫಿ ಪುಡಿ ಅಂಗಡಿಯ ಶೀಟ್

ಚಿಕ್ಕಮಗಳೂರಿನ ಎಂ.ಜಿ. ರಸ್ತೆ ಹತ್ತಿರದ ಒಂದು ಕಾಫಿ ಪುಡಿ ಅಂಗಡಿಯ ಲೆಕ್ಕ ನಾನು ನೋಡುತ್ತೇನೆ. ಯಜಮಾನರು ಬೀಜ ಹುರಿದು ಪುಡಿ ಮಾಡಿಸುತ್ತಾರೆ. ಮಗ ಗಲ್ಲಾದಲ್ಲಿ ಕೂರುತ್ತಾನೆ. ಹೋದ ವರ್ಷ ಸೊಸೆ ಆನ್‌ಲೈನ್ ಮಾರಾಟ ಶುರು ಮಾಡಿದರು. ಯಾವ ಪ್ಯಾಕ್ ಎಲ್ಲಿ ಹಾಕಿದ್ದೇವೆ ಅಂತ ನೆನಪಿರಲಿ ಎಂದು ಒಂದು ಗೂಗಲ್ ಶೀಟ್ ಮಾಡಿಕೊಂಡಿದ್ದರು. ಎಡಗಡೆ ಪ್ಯಾಕ್‌ಗಳ ಹೆಸರು, ಮೇಲೆ ಸೈಟ್‌ಗಳ ಹೆಸರು, ನಡುವೆ ಬಣ್ಣ ತುಂಬಿದ ಮನೆಗಳು.

"ಹಳದಿ ಅಂದ್ರೆ ಏನು?" ಅಂತ ಕೇಳಿದೆ.

"ಕಳಿಸಿದ್ದೀವಿ ಮೇಡಂ, ಅವರು ಇನ್ನೂ ಒಪ್ಪಿಲ್ಲ" ಅಂದರು ಸೊಸೆ.

"ಅಲ್ಲ, ಫೋಟೋ ಸರಿ ಇಲ್ಲ ಅಂತ ವಾಪಸ್ ಬಂದಿದ್ದು ಹಳದಿ" ಅಂದ ಮಗ.

ಚಿಕೋರಿ ಸೇರಿಸಿದ 200 ಗ್ರಾಂ ಪ್ಯಾಕ್ ಐದು ವಾರದಿಂದ ಹಳದಿಯಲ್ಲೇ ಕೂತಿತ್ತು. ಸೊಸೆ ಸೈಟ್‌ನವರ ದಾರಿ ಕಾಯುತ್ತಿದ್ದರು. ಸೈಟ್‌ನವರು ಇವರ ಫೋಟೋದ ದಾರಿ ಕಾಯುತ್ತಿದ್ದರು.

ತಪ್ಪು ಬಣ್ಣದ್ದಲ್ಲ, ಶೀಟ್‌ನ ಆಕಾರದ್ದು. ಒಂದು ಪ್ಯಾಕ್ ಒಂದು ಸೈಟ್‌ನಲ್ಲಿ ಇದ್ದರೆ ಅದರ ಬಗ್ಗೆ ಐದು ಸಂಗತಿ ಗೊತ್ತಿರಬೇಕು: ಈಗ ಯಾವ ಸ್ಥಿತಿ, ಯಾವತ್ತಿಂದ, ಮುಂದೇನು, ಯಾರು ಮಾಡಬೇಕು, ಯಾವಾಗ. ಅಡ್ಡಕ್ಕೆ ಸೈಟ್ ಹೆಸರು ಹಾಕಿದರೆ ಈ ಐದಕ್ಕೂ ಸಿಗುವುದು ಒಂದೇ ಮನೆ. ಹಾಗಾಗಿ ಬಣ್ಣ ಬಳಿಯುತ್ತೇವೆ. ಬಣ್ಣದ ಅರ್ಥ ಎಲ್ಲಿಯೂ ಬರೆದಿರುವುದಿಲ್ಲ, ಬಳಿದವರ ತಲೆಯಲ್ಲಿ ಇರುತ್ತದೆ.

ಅದಕ್ಕೆ ಒಂದು ಪ್ಯಾಕ್ ಒಂದು ಜಾಗಕ್ಕೆ ಒಂದು ಸಾಲು ಎಂದು ಬದಲಿಸಿದೆವು. ಅವರದು ಆರು ಪ್ಯಾಕ್: ಶುದ್ಧ ಕಾಫಿ ಎರಡು ಅಳತೆ, ಚಿಕೋರಿ ಸೇರಿಸಿದ್ದು ಎರಡು ಅಳತೆ, ಕಾಳುಮೆಣಸು, ಏಲಕ್ಕಿ. ಮಾರುವ ಜಾಗ ಎರಡು: ಒಂದು ಮಾರಾಟದ ಸೈಟ್, ಇನ್ನೊಂದು ವಾಟ್ಸಾಪ್ ಕ್ಯಾಟಲಾಗ್. ಹನ್ನೆರಡು ಸಾಲು ಆಯಿತು. ಗೂಗಲ್ ಮ್ಯಾಪ್‌ನಲ್ಲಿ ರಿವ್ಯೂ ಬೀಳುವುದು ಪ್ಯಾಕ್‌ಗೆ ಅಲ್ಲ, ಅಂಗಡಿಗೆ. ಅದಕ್ಕೊಂದು ಸಾಲು. ಒಟ್ಟು ಹದಿಮೂರು. ಮೊದಲ ಕಾಲಮ್‌ನಲ್ಲಿ ಪ್ರತಿ ಸಾಲಿಗೂ ಒಂದು ಚಿಕ್ಕ ಗುರುತು ಕೊಟ್ಟೆವು. ಚಿಕೋರಿ 200 ಗ್ರಾಂ ಮಾರಾಟದ ಸೈಟ್‌ನಲ್ಲಿ ಇದ್ದರೆ `CH200-M`, ವಾಟ್ಸಾಪ್‌ನಲ್ಲಿ ಇದ್ದರೆ `CH200-W`. ಕಾಲಮ್‌ಗಳು A ಇಂದ H ವರೆಗೆ ಹೀಗೆ: ಗುರುತು, ಪ್ಯಾಕ್, ಜಾಗ, ಸ್ಥಿತಿ, ಸ್ಥಿತಿ ಬದಲಾದ ದಿನ, ಮುಂದಿನ ಕೆಲಸ, ಯಾರು, ಯಾವಾಗ. ಈ ಹಾಳೆಯ ಹೆಸರು 'ಲಿಸ್ಟಿಂಗ್'.

ಸ್ಥಿತಿಗೆ ಐದೇ ಪದ ಇಟ್ಟೆವು. ಕರಡು, ಕಳಿಸಿದೆ, ತಡೆ, ಲೈವ್, ನಿಂತಿದೆ. ಇವನ್ನು ಆರಿಸುವಾಗ ನಾನು ನೋಡುವುದು ಒಂದೇ: ಪದ ಓದಿದ ಕೂಡಲೇ ಕೆಲಸ ಯಾರ ಕೈಯಲ್ಲಿದೆ ಅಂತ ಗೊತ್ತಾಗಬೇಕು. ಕರಡು ಅಂದರೆ ನಮ್ಮ ಕೈಯಲ್ಲಿ. ಕಳಿಸಿದೆ ಅಂದರೆ ಅವರ ಕೈಯಲ್ಲಿ. ತಡೆ ಅಂದರೆ ಅವರು ಏನೋ ಕೇಳಿ ವಾಪಸ್ ಕಳಿಸಿದ್ದಾರೆ, ಮತ್ತೆ ನಮ್ಮ ಕೈಯಲ್ಲಿ. ಹಳದಿ ಬಣ್ಣ 'ಕಳಿಸಿದೆ', 'ತಡೆ' ಎರಡನ್ನೂ ಒಂದೇ ಮಾಡಿಬಿಟ್ಟಿತ್ತು. ಐದು ವಾರ ಹೋಗಿದ್ದು ಅಲ್ಲಿಯೇ.

ಈ ಪದಗಳನ್ನು ಕೈಯಿಂದ ಟೈಪ್ ಮಾಡಲು ಬಿಡಬೇಡಿ. `Data > Data validation` ಗೆ ಹೋಗಿ ಡ್ರಾಪ್‌ಡೌನ್ ಮಾಡಿ. ಇಲ್ಲದಿದ್ದರೆ 'ಲೈವ್', 'ಲೈವ್ ಆಗಿದೆ', 'live' ಎಲ್ಲ ಬರುತ್ತದೆ, ಎಣಿಸಲು ಹೋದಾಗ ಮೂರೂ ಬೇರೆ ಬೇರೆ. 'ಯಾರು' ಕಾಲಮ್‌ಗೂ ಡ್ರಾಪ್‌ಡೌನ್ ಬೇಕು. ಈ ಕುಟುಂಬದಲ್ಲಿ ಅದು ತಮಾಷೆಯಾಗಿತ್ತು. ಮಗ 'ಅಪ್ಪ' ಅಂತ ಬರೆದಿದ್ದ, ಸೊಸೆ 'ಮಾವ' ಅಂತ. ಒಬ್ಬರೇ ಮನುಷ್ಯ, ಶೀಟ್‌ಗೆ ಮಾತ್ರ ಇಬ್ಬರು. ಕೊನೆಗೆ 'ಯಜಮಾನರು' ಅಂತ ಇಟ್ಟೆವು.

ಮುಂದಿನ ಕೆಲಸದ ಕಾಲಮ್‌ನಲ್ಲಿ ಮೊದಲು 'ಫೋಟೋ' ಅಂತಷ್ಟೇ ಇತ್ತು. ಅದು ಕೆಲಸ ಅಲ್ಲ, ಸುಮ್ನೆ ಒಂದು ಪದ. ಸೈಟ್‌ನ ಮೇಲ್ ತೆಗೆದು ನೋಡಿದರೆ ಕಾರಣ ಇತ್ತು: ಪ್ಯಾಕೆಟ್ ಹಿಂಭಾಗದ ಬರಹ ಓದಲು ಆಗುತ್ತಿಲ್ಲ. ಚಿಕೋರಿ ಬೆರೆಸಿದ ಕಾಫಿಯ ಪ್ಯಾಕೆಟ್ ಮೇಲೆ ಕಾಫಿ ಎಷ್ಟು ಶೇಕಡಾ, ಚಿಕೋರಿ ಎಷ್ಟು ಶೇಕಡಾ ಎಂದು ಬರೆಯಲೇಬೇಕು. ಬರೆದಿದ್ದರು, ಆದರೆ ಟ್ಯೂಬ್‌ಲೈಟ್ ಬೆಳಕು ಹೊಳೆಯುವ ಪ್ಯಾಕೆಟ್ ಮೇಲೆ ಬಿದ್ದು ಆ ಸಾಲೇ ಅಳಿಸಿದಂತೆ ಕಾಣುತ್ತಿತ್ತು. ಆಗ ಹೀಗೆ ಬರೆದೆವು: 'ಹಿಂಭಾಗದ ಫೋಟೋ ಅಂಗಳದ ಬೆಳಕಿನಲ್ಲಿ ತೆಗೆದು ಹಾಕು, ಶೇಕಡಾ ಸಾಲು ಓದಲು ಆಗಬೇಕು.' ಯಾರು: ಮಗ. ಯಾವಾಗ: ಬುಧವಾರದ ತಾರೀಖು.

ಲೈವ್ ಆದ ಸಾಲಿಗೂ, ಕಳಿಸಿದ ಸಾಲಿಗೂ ತಾರೀಖು ಇರಲಿ. ಕಳಿಸಿದ ಸಾಲಿನ ಕೆಲಸ 'ಉತ್ತರ ಬಂತಾ ನೋಡು'. ಲೈವ್ ಆದದ್ದಕ್ಕೆ 'ಬೆಲೆ ಸರಿ ಇದೆಯಾ ನೋಡು'. ಕಾಫಿ ಬೀಜದ ದರ ಏರಿದಾಗ ಅಂಗಡಿಯ ಬೋರ್ಡ್ ಬದಲಾಗುತ್ತದೆ, ಸೈಟ್‌ನಲ್ಲಿ ಹಳೆಯ ಬೆಲೆಯೇ ಉಳಿದಿರುತ್ತದೆ, ಅಲ್ವಾ?

ಎಲ್ಲರೂ ಬೆಳಿಗ್ಗೆ ನೋಡಬೇಕಾದದ್ದು ಹದಿಮೂರು ಸಾಲು ಅಲ್ಲ, ಇವತ್ತು ಮಾಡಬೇಕಾದ ಎರಡೋ ಮೂರೋ. 'ಇವತ್ತು' ಅಂತ ಬೇರೆ ಹಾಳೆ ತೆಗೆದು, A2 ಮನೆಯಲ್ಲಿ ಇದೊಂದು ಸೂತ್ರ ಹಾಕಿದೆ:

```
=SORT(FILTER('ಲಿಸ್ಟಿಂಗ್'!A2:H,
 'ಲಿಸ್ಟಿಂಗ್'!H2:H<>"",
 'ಲಿಸ್ಟಿಂಗ್'!H2:H<=TODAY()), 8, TRUE)
```

ಇವತ್ತಿನ ಮತ್ತು ದಾಟಿಹೋದ ತಾರೀಖಿನ ಸಾಲುಗಳು ಮಾತ್ರ ಬರುತ್ತವೆ, ಹಳೆಯದು ಮೇಲೆ. ಒಂದೂ ಇಲ್ಲದ ದಿನ `#N/A` ಅಂತ ಬರುತ್ತದೆ. ಹೆದರಬೇಡಿ, ಕೆಲಸ ಇಲ್ಲ ಅಂತ ಅರ್ಥ.

ಎರಡನೇ ದಿನವೇ `#REF!` ಅಂತ ಬಂದು ಪಟ್ಟಿ ಮಾಯ ಆಯಿತು. ಯಜಮಾನರು ಕೆಲಸ ಮುಗಿಸಿ ಆ ಹಾಳೆಯಲ್ಲೇ 'ಆಯ್ತು' ಅಂತ ಬರೆದಿದ್ದರು. ಅವರ ತಪ್ಪಲ್ಲ, ಕಾಣಿಸಿದ ಕಡೆ ಬರೆಯುವುದು ಸಹಜ. ಆದರೆ ಅದು ಸೂತ್ರ ಹರಡಿಕೊಳ್ಳುವ ಜಾಗ. ನಡುವೆ ಯಾರಾದರೂ ಏನಾದರೂ ಬರೆದರೆ ಹರಡಲು ಆಗದೆ ಇಡೀ ಪಟ್ಟಿ ನಿಂತುಬಿಡುತ್ತದೆ. ಬರೆದದ್ದನ್ನು ಅಳಿಸಿದರೆ ವಾಪಸ್ ಬರುತ್ತದೆ. ಮತ್ತೆ ಆಗದಂತೆ `Data > Protect sheets and ranges` ನಲ್ಲಿ ಆ ಹಾಳೆಗೆ ಬೀಗ ಹಾಕಿದೆವು.

ಇದಕ್ಕಿಂತ ಕೆಟ್ಟದ್ದು ಸದ್ದಿಲ್ಲದೆ ಆಗುವ ತಪ್ಪು. ಏಲಕ್ಕಿಯ ಸಾಲು ಯಾವತ್ತೂ 'ಇವತ್ತು' ಹಾಳೆಗೆ ಬರಲೇ ಇಲ್ಲ. ತಾರೀಖು 13/8 ಅಂತ ಇತ್ತು. ಶೀಟ್ ಅಮೆರಿಕದ ಲೆಕ್ಕದಲ್ಲಿತ್ತು, ಅಂದರೆ ತಿಂಗಳು ಮೊದಲು, ದಿನ ಆಮೇಲೆ. ಹದಿಮೂರನೇ ತಿಂಗಳು ಇಲ್ಲವಲ್ಲ, ಹಾಗಾಗಿ ಅದು ತಾರೀಖು ಅಂತ ತಿಳಿಯದೆ ಬರೀ ಅಕ್ಷರ ಅಂದುಕೊಂಡಿತು. ಅಕ್ಷರವನ್ನು ಇವತ್ತಿನ ತಾರೀಖಿನ ಜೊತೆ ಹೋಲಿಸಿದರೆ ಸಾಲು ಸುಮ್ಮನೆ ಬಿಟ್ಟುಹೋಗುತ್ತದೆ. 5/8 ಅಂತ ಬರೆದದ್ದು ಇನ್ನೂ ಮೋಸ: ಅದು ಆಗಸ್ಟ್ 5 ಅಲ್ಲ, ಮೇ 8 ಆಗಿರುತ್ತದೆ. ಗುರುತು ಸುಲಭ. ನೀವು ಜರುಗಿಸದಿದ್ದರೆ ನಿಜವಾದ ತಾರೀಖು ಮನೆಯ ಬಲಕ್ಕೆ ಅಂಟಿರುತ್ತದೆ, ಅಕ್ಷರ ಎಡಕ್ಕೆ. `File > Settings` ನಲ್ಲಿ `Locale` ಅನ್ನು `India` ಮಾಡಿ. ಆಮೇಲೆ ಹಳೆಯ ತಾರೀಖುಗಳನ್ನು ಒಂದೊಂದಾಗಿ ಮತ್ತೆ ಟೈಪ್ ಮಾಡಬೇಕು, ತಪ್ಪಾಗಿ ಕೂತದ್ದು ತಾನಾಗಿ ಸರಿಯಾಗುವುದಿಲ್ಲ. H ಕಾಲಮ್‌ಗೆ `Is valid date` ನಿಯಮ ಹಾಕಿ, ತಪ್ಪಾದದ್ದನ್ನು ಒಪ್ಪಬೇಡ ಅಂತ ಗುರುತು ಮಾಡಿದರೆ 'ಸೋಮವಾರ' ಅಂತ ಬರೆಯುವುದೂ ನಿಲ್ಲುತ್ತದೆ.

ರಿವ್ಯೂಗಳನ್ನು ಲಿಸ್ಟಿಂಗ್ ಸಾಲಿನಲ್ಲೇ ತುರುಕಬೇಡಿ. ಒಂದು ಲಿಸ್ಟಿಂಗ್‌ಗೆ ಹತ್ತಾರು ರಿವ್ಯೂ ಬರುತ್ತವೆ. 'ರಿವ್ಯೂ' ಅಂತ ಬೇರೆ ಹಾಳೆ, ಒಂದು ರಿವ್ಯೂಗೆ ಒಂದು ಸಾಲು: ದಿನ, ಗುರುತು, ಎಷ್ಟು ಸ್ಟಾರ್, ಅವರು ಹೇಳಿದ್ದು ನಾಲ್ಕು ಮಾತಲ್ಲಿ, ಯಾವುದರ ಬಗ್ಗೆ, ಉತ್ತರ ಕೊಟ್ಟ ದಿನ. 'ಯಾವುದರ ಬಗ್ಗೆ' ಕಾಲಮ್‌ಗೆ ನಾಲ್ಕೇ ಆಯ್ಕೆ: ರುಚಿ, ಪ್ಯಾಕಿಂಗ್, ಡೆಲಿವರಿ, ವಿವರ.

`CH200-M` ಲೈವ್ ಆದ ಮೇಲೆ 14 ರಿವ್ಯೂ ಬಂದವು. ಸರಾಸರಿ 3.7. ಯಜಮಾನರ ಮುಖ ಸಣ್ಣದಾಯಿತು. "ಚಿಕೋರಿ ಕಡಿಮೆ ಮಾಡೋಣ ಬಿಡಮ್ಮ, ಜನಕ್ಕೆ ಹಿಡಿಸ್ತಿಲ್ಲ" ಅಂದರು. ಸೊಸೆ ಹಾಳೆ ತೆಗೆದರು. "ಮಾವ, ಇಲ್ನೋಡಿ." ಮೂರು ಸ್ಟಾರ್ ಅಥವಾ ಕಡಿಮೆ ಕೊಟ್ಟವರು ಐದು ಜನ. ಅದರಲ್ಲಿ ರುಚಿ ಅಂತ ಒಂದೂ ಇಲ್ಲ.

ಮೂರು ಜನ ಒಂದೊಂದು ಸ್ಟಾರ್ ಕೊಟ್ಟು ಒಂದೇ ಮಾತು ಬರೆದಿದ್ದರು: ಹಾಲಿಗೆ ಹಾಕಿದರೆ ಕರಗುವುದಿಲ್ಲ, ತಳದಲ್ಲಿ ಪುಡಿ ನಿಲ್ಲುತ್ತದೆ. ಪಾಪ, ಅವರು ಇನ್‌ಸ್ಟಂಟ್ ಕಾಫಿ ಅಂದುಕೊಂಡು ತರಿಸಿದ್ದರು. ನಮ್ಮೂರಲ್ಲಿ ಕಾಫಿ ಪುಡಿ ಅಂದರೆ ಫಿಲ್ಟರ್‌ದೇ. ಹೊರಗಿನವರಿಗೆ ಹಾಗಲ್ಲ. ಇದು ರುಚಿಯ ದೂರಲ್ಲ, ವಿವರದ ದೂರು. ಆ ಮೂರನ್ನು ಬಿಟ್ಟು ಲೆಕ್ಕ ಹಾಕಿದರೆ ಸರಾಸರಿ 4.5ರ ಹತ್ತಿರ. ಮುಂದಿನ ಕೆಲಸ: 'ಹೆಸರಲ್ಲೇ ಫಿಲ್ಟರ್ ಕಾಫಿ, ಇನ್‌ಸ್ಟಂಟ್ ಅಲ್ಲ ಅಂತ ಸೇರಿಸು, ಎರಡನೇ ಫೋಟೋದಲ್ಲಿ ಫಿಲ್ಟರ್ ತೋರಿಸು.'

ಉಳಿದ ಇಬ್ಬರದು ಪ್ಯಾಕಿಂಗ್. ಪ್ಯಾಕೆಟ್ ಊದಿಕೊಂಡು ಅಂಚು ಬಿಟ್ಟಿತ್ತು. ಹುರಿದ ಕಾಫಿ ಇಂಗಾಲದ ಡೈಆಕ್ಸೈಡ್ ಬಿಡುತ್ತಾ ಇರುತ್ತದೆ. ಹುರಿದ ದಿನವೇ ಪುಡಿ ಮಾಡಿ ಗಾಳಿಯಾಡದ ಪ್ಯಾಕೆಟ್‌ಗೆ ತುಂಬಿ ಸೀಲ್ ಮಾಡಿದರೆ ಅದು ಒಳಗೇ ಸೇರಿಕೊಳ್ಳುತ್ತದೆ. ಅಂಗಡಿಯಲ್ಲಿ ಕಾಗದದ ಪೊಟ್ಟಣದಲ್ಲಿ ಕೊಡುವಾಗ ಈ ತೊಂದರೆಯೇ ಇರಲಿಲ್ಲ. ಸೀಲ್ ಮಾಡುವ ಮುಂಚೆ ಸ್ವಲ್ಪ ಹೊತ್ತು ಬಿಡಬೇಕು, ಇಲ್ಲವೇ ಗಾಳಿ ಹೊರಗೆ ಮಾತ್ರ ಹೋಗುವ ವಾಲ್ವ್ ಇರುವ ಪೌಚ್ ತರಬೇಕು. ಈ ಕೆಲಸಕ್ಕೆ ಶೀಟ್‌ನಲ್ಲಿ ಸರಿಯಾದ ಜಾಗ ಇರಲಿಲ್ಲ, ಯಾಕೆಂದರೆ ಇದು ಒಂದು ಸೈಟ್‌ನದಲ್ಲ, ಪ್ಯಾಕ್‌ನದೇ. `CH200` ಅಂತ ಜಾಗ ಇಲ್ಲದ ಒಂದು ಸಾಲು ಸೇರಿಸಿದೆವು. ಯಾರು: ಯಜಮಾನರು.

ಗೂಗಲ್ ಮ್ಯಾಪ್‌ನಲ್ಲಿ ಐದು ಸ್ಟಾರ್ ಕೊಟ್ಟವರಿಗೆ 50 ಗ್ರಾಂ ಪುಡಿ ಉಚಿತ ಕೊಡೋಣ ಅಂದ ಮಗ. ಬೇಡ ಅಂದೆ. ಏನಾದರೂ ಕೊಟ್ಟು ರಿವ್ಯೂ ಬರೆಸುವುದು ಗೂಗಲ್ ನಿಯಮಕ್ಕೆ ವಿರುದ್ಧ.

`CH200-M` ಹೆಸರು ಬದಲಿಸಿದರೂ ಒಂದೊಂದು ಸ್ಟಾರ್‌ನ ಆ ಮೂರು ಹಳೆಯ ರಿವ್ಯೂ ಅಲ್ಲೇ ಇರುತ್ತವೆ, ಸರಾಸರಿ ಏಳಲು ತಿಂಗಳುಗಳು ಬೇಕು. ಹಾಗಾಗಿ ಕೆಲಸ ಫಲ ಕೊಟ್ಟಿತಾ ಅಂತ ಸರಾಸರಿ ನೋಡಿ ಹೇಳಲು ಆಗುವುದಿಲ್ಲ. ಬದಲಾದ ದಿನದಿಂದ ಈಚೆಗೆ ಬಂದ ಕಡಿಮೆ ಸ್ಟಾರ್‌ಗಳನ್ನು ಮಾತ್ರ ಎಣಿಸಬೇಕು. ಹೊಸ ಹೆಸರು ಲೈವ್ ಆದ ದಿನವನ್ನು E ಕಾಲಮ್‌ನಲ್ಲಿ ಹಾಕಿ, H ಪಕ್ಕದ I ಕಾಲಮ್‌ನಲ್ಲಿ ಇದನ್ನು ಬರೆದೆವು:

```
=COUNTIFS('ರಿವ್ಯೂ'!B:B,A2,
 'ರಿವ್ಯೂ'!C:C,"<=3",
 'ರಿವ್ಯೂ'!A:A,">="&E2)
```

ಆಮೇಲೆ ಆರು ರಿವ್ಯೂ ಬಂದಿವೆ. ಸೂತ್ರ 1 ಅಂತ ತೋರಿಸುತ್ತಿದೆ. ಕರಗುವುದಿಲ್ಲ ಅನ್ನುವ ದೂರು ಇಲ್ಲ. ಆ ಒಂದು ಮಾತ್ರ ಈ ಸಲ ನಿಜವಾಗಿಯೂ ರುಚಿಯದು: ಚಿಕೋರಿ ಜಾಸ್ತಿ ಆಯ್ತು ಅಂತ. ಯಜಮಾನರು ಅದನ್ನು ಎರಡು ಸಲ ಓದಿಸಿಕೊಂಡರು. ಈಗ ಆ ಸಾಲಿನಲ್ಲಿ ಹೀಗಿದೆ: 'ಚಿಕೋರಿ ಬೇಡ ಅನ್ನುವವರಿಗೆ ನಮ್ಮ ಶುದ್ಧ ಕಾಫಿ ಪ್ಯಾಕ್ ಇದೆ ಅಂತ ವಿವರದಲ್ಲಿ ಸೇರಿಸು.' ಯಾರು: ಸೊಸೆ. ಯಾವಾಗ: ಶುಕ್ರವಾರದ ತಾರೀಖು, ಮನೆಯ ಬಲಕ್ಕೆ ಅಂಟಿಕೊಂಡು.