ಸಾಲ ಕೊಡೋಕೆ ಕೇಂದ್ರ ಬ್ಯಾಂಕ್ ಇದ್ದರೂ ಸಿಲಿಕಾನ್ ವ್ಯಾಲಿ ಬ್ಯಾಂಕ್ ಯಾಕೆ ಮುಳುಗಿತು?

ಓದುಗರ ಪ್ರಶ್ನೆ: ಜನ ಗಾಬರಿಯಿಂದ ಒಟ್ಟಿಗೇ ಹಣ ತೆಗೆಯಲು ಮುಗಿಬಿದ್ದಾಗ ಬ್ಯಾಂಕಿಗೆ ಕೊನೆಯ ಆಸರೆಯಾಗಿ ಸಾಲ ಕೊಡುವುದು ಕೇಂದ್ರ ಬ್ಯಾಂಕಿನ ಕೆಲಸ ಅಂತ ಓದಿದ್ದೇನೆ. ಅಮೆರಿಕದಲ್ಲಿ ಫೆಡರಲ್ ರಿಸರ್ವ್ ಇದಕ್ಕಾಗಿಯೇ ‘ಡಿಸ್ಕೌಂಟ್ ವಿಂಡೋ’ ಇಟ್ಟುಕೊಂಡಿದೆ. ಹಾಗಿದ್ದೂ 2023ರಲ್ಲಿ ಸಿಲಿಕಾನ್ ವ್ಯಾಲಿ ಬ್ಯಾಂಕ್ ಎರಡೇ ದಿನದಲ್ಲಿ ಯಾಕೆ ಮುಚ್ಚಿತು?

ಉತ್ತರ: ಆ ಬಾಗಿಲು ತೆರೆದೇ ಇತ್ತು. ಆದರೆ ಅಲ್ಲಿ ಅಡ ಇಡಬೇಕಾದ ಬಾಂಡುಗಳು ಬೇರೆ ಕಡೆ ಇದ್ದವು. ನನಗೆ ಈ ಕತೆಯಲ್ಲಿ ಅತಿ ಮುಖ್ಯ ಅನ್ನಿಸುವುದು ಇದೇ.

ಮೊದಲು ಡಿಸ್ಕೌಂಟ್ ವಿಂಡೋ ಹೇಗೆ ನಡೆಯುತ್ತದೆ ಅಂತ ನೋಡೋಣ. ಫೆಡ್ ಅಲ್ಲಿ ಸುಮ್ನೆ ನಂಬಿಕೆಯ ಮೇಲೆ ಸಾಲ ಕೊಡುವುದಿಲ್ಲ. ಬ್ಯಾಂಕು ಮೊದಲೇ ಕರಾರಿಗೆ ಸಹಿ ಹಾಕಿರಬೇಕು. ಬಾಂಡುಗಳನ್ನೋ ತಾನು ಕೊಟ್ಟ ಸಾಲದ ಪತ್ರಗಳನ್ನೋ ಫೆಡ್ ಹೆಸರಿಗೆ ಅಡ ಇಟ್ಟಿರಬೇಕು. ಫೆಡ್ ಅವುಗಳ ಇವತ್ತಿನ ಬೆಲೆ ನೋಡುತ್ತದೆ, ಅದರಲ್ಲಿ ಸ್ವಲ್ಪ ಕಡಿತ ಮಾಡುತ್ತದೆ, ಉಳಿದಷ್ಟಕ್ಕೆ ಸಾಲ ಕೊಡುತ್ತದೆ. ಇಷ್ಟು ಸಿದ್ಧವಿದ್ದರೆ ಬ್ಯಾಂಕು ಕೇಳಿದ ದಿನವೇ ಹಣ ಅದರ ಖಾತೆಗೆ ಬಂದು ಬೀಳುತ್ತದೆ. ಆರೋಗ್ಯವಾಗಿರುವ ಬ್ಯಾಂಕಿಗೆ 90 ದಿನಗಳವರೆಗೂ ಸಾಲ ಸಿಗುತ್ತದೆ. ಇಷ್ಟು ಸಿದ್ಧವಿಲ್ಲದಿದ್ದರೆ ತುರ್ತಿನ ಹೊತ್ತಲ್ಲಿ ಕೇಳಿ ಉಪಯೋಗವಿಲ್ಲ.

ಈಗ ಸಿಲಿಕಾನ್ ವ್ಯಾಲಿ ಬ್ಯಾಂಕಿಗೆ ಬರೋಣ. 2022ರ ಕೊನೆಗೆ ಅದರಲ್ಲಿ ಸುಮಾರು 17,300 ಕೋಟಿ ಡಾಲರ್ ಠೇವಣಿ ಇತ್ತು. ಹೆಚ್ಚಿನದು ತಂತ್ರಜ್ಞಾನದ ಹೊಸ ಕಂಪನಿಗಳ ಹಣ. ಅಮೆರಿಕದಲ್ಲಿ ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ ವಿಮೆ ಸಿಗುವುದು 2.5 ಲಕ್ಷ ಡಾಲರ್‌ವರೆಗೆ ಮಾತ್ರ. ಈ ಬ್ಯಾಂಕಿನ ಠೇವಣಿಯಲ್ಲಿ ಶೇಕಡಾ 90ಕ್ಕಿಂತ ಜಾಸ್ತಿ ಭಾಗ ಆ ಮಿತಿಯ ಆಚೆ ಇತ್ತು. ಹಾಗಾಗಿ ಸಣ್ಣ ಅನುಮಾನ ಬಂದರೂ ಮೊದಲು ಹಣ ತೆಗೆದುಬಿಡೋಣ ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? ಅದನ್ನು ದಡ್ಡತನ ಅನ್ನಲಾಗದು. ಅವರ ಜಾಗದಲ್ಲಿ ನಿಂತು ನೋಡಿದರೆ ಅದೇ ಸರಿಯಾದ ಲೆಕ್ಕ.

ಬ್ಯಾಂಕು ಈ ಹಣದ ದೊಡ್ಡ ಪಾಲನ್ನು ಬಡ್ಡಿ ತೀರಾ ಕಡಿಮೆ ಇದ್ದ ಕಾಲದಲ್ಲಿ ದೀರ್ಘಾವಧಿಯ ಬಾಂಡುಗಳಲ್ಲಿ ಹಾಕಿತ್ತು. 2022ರಲ್ಲಿ ಫೆಡ್ ಬಡ್ಡಿಯನ್ನು ಸರಸರ ಏರಿಸಿತು. ಬಡ್ಡಿ ಏರಿದರೆ ಹಳೆಯ ಬಾಂಡಿನ ಬೆಲೆ ಇಳಿಯುತ್ತದೆ. ಒಂದು ಉದಾಹರಣೆ ತೆಗೆದುಕೊಳ್ಳಿ. ವರ್ಷಕ್ಕೆ ಶೇಕಡಾ 1.5 ಬಡ್ಡಿ ಕೊಡುವ 100 ಡಾಲರಿನ ಬಾಂಡು ನಿಮ್ಮ ಹತ್ತಿರ ಇದೆ, ಅದು ತೀರಲು ಇನ್ನೂ 10 ವರ್ಷ ಇದೆ ಅಂದುಕೊಳ್ಳಿ. ಮಾರುಕಟ್ಟೆಯಲ್ಲಿ ಹೊಸ ಬಾಂಡು ಶೇಕಡಾ 4 ಕೊಡುತ್ತಿದ್ದರೆ ನಿಮ್ಮದನ್ನು ಸುಮಾರು 80 ಡಾಲರಿಗಿಂತ ಜಾಸ್ತಿಗೆ ಯಾರೂ ಕೊಳ್ಳುವುದಿಲ್ಲ. 10 ವರ್ಷ ಕಾದರೆ ಪೂರ್ತಿ 100 ಬರುತ್ತದೆ. ಆದರೆ ಠೇವಣಿದಾರರು ಕಾಯುವುದಿಲ್ಲ.

ಮುಗಿಯುವ ತನಕ ಇಟ್ಟುಕೊಳ್ಳುತ್ತೇವೆ ಅಂತ ಬ್ಯಾಂಕು ಬೇರೆಯಾಗಿ ಗುರುತಿಸಿಟ್ಟ ಬಾಂಡುಗಳಲ್ಲೇ 1,500 ಕೋಟಿ ಡಾಲರಿನಷ್ಟು ನಷ್ಟ ಅಡಗಿ ಕೂತಿತ್ತು. ಬ್ಯಾಂಕಿನ ಸ್ವಂತ ಬಂಡವಾಳವೂ ಹೆಚ್ಚು ಕಡಿಮೆ ಅಷ್ಟೇ. ಇದು ಗುಟ್ಟೇನೂ ಆಗಿರಲಿಲ್ಲ. ಆ ಬಾಂಡುಗಳ ಮಾರುಕಟ್ಟೆ ಬೆಲೆ ಎಷ್ಟು ಅಂತ ಬ್ಯಾಂಕಿನ ವಾರ್ಷಿಕ ವರದಿಯೇ ಹೇಳುತ್ತಿತ್ತು.

2023ರ ಮಾರ್ಚ್ 8ರಂದು ಬ್ಯಾಂಕು ಒಂದು ಪ್ರಕಟಣೆ ಹೊರಡಿಸಿತು. ಬೇರೆ ಕೆಲವು ಬಾಂಡುಗಳನ್ನು ಮಾರಿದ್ದೇವೆ, ಅದರಲ್ಲಿ 180 ಕೋಟಿ ಡಾಲರ್ ನಷ್ಟವಾಗಿದೆ, ಈಗ 225 ಕೋಟಿ ಡಾಲರ್ ಹೊಸ ಬಂಡವಾಳ ಎತ್ತಬೇಕಿದೆ ಅಂತ ಅದರಲ್ಲಿತ್ತು. ಮರುದಿನ, ಮಾರ್ಚ್ 9ರ ಗುರುವಾರ, ಜನ 4,200 ಕೋಟಿ ಡಾಲರ್ ತೆಗೆದರು. ಬ್ಯಾಂಕಿನ ಮುಂದೆ ಉದ್ದದ ಸಾಲು ನಿಲ್ಲಬೇಕಾಗಲೇ ಇಲ್ಲ. ಫೋನು ಮತ್ತು ಕಂಪ್ಯೂಟರಲ್ಲೇ ಎಲ್ಲ ಮುಗಿಯಿತು. ಶುಕ್ರವಾರಕ್ಕೆ ಇನ್ನೂ 10,000 ಕೋಟಿ ಡಾಲರ್ ಹೊರಗೆ ಹೋಗಲು ಕಾದಿತ್ತು.

ಆ ಗುರುವಾರ ಡಿಸ್ಕೌಂಟ್ ವಿಂಡೋದಿಂದ ಎಷ್ಟು ಸಿಗಬಹುದಿತ್ತು? 2022ರ ಕೊನೆಯ ಲೆಕ್ಕದಂತೆ ಅಲ್ಲಿ ಅಡ ಇಟ್ಟಿದ್ದಕ್ಕೆ ಸಿಗುತ್ತಿದ್ದ ಸಾಲ ಬರೀ 530 ಕೋಟಿ ಡಾಲರ್. ಒಂದು ದಿನ ಹೊರಗೆ ಹೋದ ಹಣದ ಎಂಟನೇ ಒಂದು ಭಾಗ.

ಬ್ಯಾಂಕಿನ ಹತ್ತಿರ ಬಾಂಡುಗಳು ರಾಶಿ ಇದ್ದವಲ್ಲ, ಅವೆಲ್ಲಿ ಹೋದವು? ಸ್ವಲ್ಪ ಭಾಗ ಬೇರೆ ಸಂಸ್ಥೆಯೊಂದರ ಸುಪರ್ದಿಯಲ್ಲಿತ್ತು. ಇನ್ನು ಕೆಲವನ್ನು ಫೆಡರಲ್ ಹೋಮ್ ಲೋನ್ ಬ್ಯಾಂಕಿನಲ್ಲಿ ಅಡ ಇಟ್ಟಿದ್ದರು. ಅದು ಸದಸ್ಯ ಬ್ಯಾಂಕುಗಳೇ ಸೇರಿ ನಡೆಸುವ, ಸಾಲ ಕೊಡುವ ಸಂಸ್ಥೆ. 2022ರ ಕೊನೆಗೆ ಸಿಲಿಕಾನ್ ವ್ಯಾಲಿ ಬ್ಯಾಂಕ್ ಅಲ್ಲಿ 1,500 ಕೋಟಿ ಡಾಲರ್ ಸಾಲ ಮಾಡಿತ್ತು. ಅಲ್ಲಿ ಅಡ ಇಟ್ಟಿದ್ದನ್ನು ಅದು ಬಿಟ್ಟುಕೊಟ್ಟ ಮೇಲಷ್ಟೇ ಫೆಡ್‌ಗೆ ಹೋಗಬೇಕು. ಬಾಂಡುಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಳಿಸುವುದಕ್ಕೆ ದಿನದಲ್ಲಿ ಇಂತಿಷ್ಟೇ ಹೊತ್ತು ಅಂತ ಇದೆ. ಆ ಗಡುವು ನಡೆಯುವುದು ಪೂರ್ವ ತೀರದ ಗಡಿಯಾರದ ಪ್ರಕಾರ. ಬ್ಯಾಂಕು ಇದ್ದ ಕ್ಯಾಲಿಫೋರ್ನಿಯಾದ ಗಡಿಯಾರ ಅದಕ್ಕಿಂತ ಮೂರು ಗಂಟೆ ಹಿಂದೆ. ಬ್ಯಾಂಕಿಗೆ ಬಾಂಡುಗಳನ್ನು ಸಮಯಕ್ಕೆ ಸರಿಯಾಗಿ ಸಾಗಿಸಲು ಆಗಲಿಲ್ಲ. ಆ ದಿನ ಮುಗಿದಾಗ ಅದರ ನಗದು ಲೆಕ್ಕ ಸೊನ್ನೆಗಿಂತ ಕೆಳಗೆ, 95.8 ಕೋಟಿ ಡಾಲರ್ ಬಾಕಿ. ಶುಕ್ರವಾರ ಬೆಳಿಗ್ಗೆ ಕ್ಯಾಲಿಫೋರ್ನಿಯಾದ ಅಧಿಕಾರಿಗಳು ಬೀಗ ಹಾಕಿದರು.

ನನಗೆ ನಿಜಕ್ಕೂ ನೋವಾಗುವುದು ಇಲ್ಲಿ. ಫೆಡ್ ಆಮೇಲೆ ನಡೆಸಿದ ಪರಿಶೀಲನೆ ಹೇಳುವ ಪ್ರಕಾರ, 2022ರಲ್ಲಿ ಈ ಬ್ಯಾಂಕು ಡಿಸ್ಕೌಂಟ್ ವಿಂಡೋದಲ್ಲಿ ಒಂದು ಸಲವೂ ಪರೀಕ್ಷೆಗಾಗಿ ಸಾಲ ತೆಗೆದು ನೋಡಿರಲಿಲ್ಲ. ಸಣ್ಣ ಮೊತ್ತ ತೆಗೆದು ಮರುದಿನ ಕಟ್ಟಿದ್ದರೂ ಎಲ್ಲಿ ತೊಡಕಾಗುತ್ತದೆ ಅಂತ ಗೊತ್ತಾಗುತ್ತಿತ್ತು.

ಬ್ಯಾಂಕುಗಳು ಆ ಕಡೆ ಹೋಗಲು ಹಿಂಜರಿಯುವುದಕ್ಕೆ ಕಾರಣವೂ ಇದೆ. ಅಲ್ಲಿ ಸಾಲ ತೆಗೆದರೆ ‘ಇವರಿಗೇನೋ ಕಷ್ಟ ಬಂದಿದೆ’ ಅಂತ ಜನ ಅನುಮಾನಿಸುತ್ತಾರೆ. ಸಾಲ ತೆಗೆದ ಬ್ಯಾಂಕಿನ ಹೆಸರನ್ನು ಫೆಡ್ ಸುಮಾರು ಎರಡು ವರ್ಷ ಕಳೆದ ಮೇಲೆ ಹೊರಗೆ ಹಾಕುತ್ತದೆ. ಆದರೆ ತನ್ನ 12 ಪ್ರಾದೇಶಿಕ ಬ್ಯಾಂಕುಗಳ ಲೆಕ್ಕವನ್ನು ಪ್ರತಿ ವಾರ ಪ್ರಕಟಿಸುತ್ತದೆ. ಯಾವುದಾದರೂ ಪ್ರಾಂತ್ಯದ ಅಂಕಿ ಒಮ್ಮೆಲೇ ಜಿಗಿದರೆ ಮಾರುಕಟ್ಟೆ ಊಹಿಸಲು ಶುರು ಮಾಡುತ್ತದೆ.

ಹಾಗಾದರೆ ಎಲ್ಲ ಬಾಂಡೂ ಮೊದಲೇ ಫೆಡ್‌ನಲ್ಲಿದ್ದಿದ್ದರೆ ಬ್ಯಾಂಕು ಉಳಿಯುತ್ತಿತ್ತಾ? ಗುರುವಾರ ದಾಟುತ್ತಿತ್ತು ಅಂತ ನನಗನ್ನಿಸುತ್ತದೆ. ಆದರೆ ವಿಂಡೋದಲ್ಲಿ ಸಾಲ ಸಿಗುವುದು 100ರ ಬಾಂಡಿಗೆ 80ರ ಲೆಕ್ಕದಲ್ಲಿ, ಅದರಲ್ಲೂ ಕಡಿತ. ಎರಡು ದಿನಕ್ಕೆ ಸೇರಿ 14,200 ಕೋಟಿ ಕೇಳುತ್ತಿದ್ದ ಠೇವಣಿದಾರರಿಗೆ ಅದು ಸಾಲುತ್ತಿರಲಿಲ್ಲ. ಕೇಂದ್ರ ಬ್ಯಾಂಕಿನ ಸಾಲ ಕೈಯಲ್ಲಿ ಕಾಸಿಲ್ಲದ ಬ್ಯಾಂಕನ್ನು ದಾಟಿಸಬಲ್ಲದು. ಬಂಡವಾಳವೇ ಕರಗಿದ ಬ್ಯಾಂಕಿಗೆ ಅದು ಇನ್ನೊಂದು ಸಾಲ ಅಷ್ಟೇ, ಅದನ್ನೂ ತೀರಿಸಬೇಕು. ಈ ಬ್ಯಾಂಕು ಎರಡರ ನಡುವಿನ ಗೆರೆಯ ಮೇಲೆ ನಿಂತಿತ್ತು.

ಮಾರ್ಚ್ 12ರ ಭಾನುವಾರ ಫೆಡ್ ಈ ಬೆಲೆಯ ತೊಡಕನ್ನೇ ಬಿಡಿಸಲು ಹೊಸ ಯೋಜನೆಯೊಂದನ್ನು ಪ್ರಕಟಿಸಿತು. ಅದರಲ್ಲಿ ಸರ್ಕಾರಿ ಬಾಂಡುಗಳಂಥ ಅಡಕ್ಕೆ ಮಾರುಕಟ್ಟೆ ಬೆಲೆ ನೋಡದೆ ಮುಖಬೆಲೆಯಷ್ಟೇ, ಅಂದರೆ 100ಕ್ಕೆ 100, ಒಂದು ವರ್ಷದವರೆಗೆ ಸಾಲ. ಡಿಸ್ಕೌಂಟ್ ವಿಂಡೋದಲ್ಲೂ ಅಂಥ ಬಾಂಡುಗಳಿಗೆ ಅದೇ ಲೆಕ್ಕ ತಂದರು. ಮಾರ್ಚ್ 15ರ ಹೊತ್ತಿಗೆ ಬೇರೆ ಬ್ಯಾಂಕುಗಳು ವಿಂಡೋದಿಂದ 15,000 ಕೋಟಿ ಡಾಲರಿಗೂ ಜಾಸ್ತಿ ಸಾಲ ತೆಗೆದಿದ್ದವು. 2008ರ ಬಿಕ್ಕಟ್ಟಿನಲ್ಲೂ ಅದು ಅಷ್ಟಕ್ಕೆ ಏರಿರಲಿಲ್ಲ. ಅದೇ ವರ್ಷದ ಜುಲೈನಲ್ಲಿ ಅಮೆರಿಕದ ನಿಯಂತ್ರಕರು ಎಲ್ಲ ಬ್ಯಾಂಕುಗಳಿಗೂ ಒಂದು ಸೂಚನೆ ಕಳಿಸಿದರು: ತುರ್ತು ಸಾಲದ ದಾರಿಗಳನ್ನು ಮೊದಲೇ ಸಿದ್ಧ ಮಾಡಿಟ್ಟುಕೊಳ್ಳಿ, ಆಗಾಗ ಪರೀಕ್ಷಿಸಿ ನೋಡಿ.